ಎಂಜಿನ್ನಿನಿಂದ ಬರುವ ತಣ್ಣನೆ ಗಾಳಿ

ಕೇಳುಗರಿಗೆಲ್ಲ ನಮಸ್ಕಾರ. ವಿಮಾನದಲ್ಲಿ ಕೂತಾಗ ತಲೆ ಮೇಲಿನ ಸಣ್ಣ ತೂತಿನಿಂದ ತಣ್ಣಗೆ ಗಾಳಿ ಬೀಸುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಹೆಚ್ಚಿನವರು "ಮೇಲೆ ಹೇಗೂ ಚಳಿ, ಹೊರಗಿನ ಗಾಳಿ ಒಳಗೆ ಬಿಡ್ತಾರೆ" ಅನ್ನುತ್ತಾರೆ. ಅಲ್ಲ ಸ್ವಾಮಿ. ಅದು ಎಂಜಿನ್ನಿನಿಂದ ಬರುತ್ತದೆ. ಇವತ್ತು ಇದೊಂದು ನೆನಪಿಟ್ಟುಕೊಂಡರೆ ನನಗೆ ಸಾಕು.

36,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 55 ಡಿಗ್ರಿ ಚಳಿ ಇರುತ್ತದೆ, ನಿಜ. ಆದರೆ ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ನಾಲ್ಕನೇ ಒಂದು ಭಾಗವೂ ಇಲ್ಲ. ಅದನ್ನು ಉಸಿರಾಡಿ ಬದುಕಲು ಆಗುವುದಿಲ್ಲ, ಮೊದಲು ಒತ್ತಿ ದಟ್ಟ ಮಾಡಬೇಕು. ಎಂಜಿನ್ನಿನ ಮುಂಭಾಗದಲ್ಲಿರುವ ಕಂಪ್ರೆಸರ್ ಇಡೀ ಹೊತ್ತು ಇದೇ ಕೆಲಸ ಮಾಡುತ್ತಿರುತ್ತದೆ. ಇಂಧನ ಬೆರೆಯುವ ಮೊದಲೇ ಅಲ್ಲಿಂದ ಸ್ವಲ್ಪ ಗಾಳಿಯನ್ನು ಕೊಳವೆಯಲ್ಲಿ ಎಳೆದುಕೊಳ್ಳುತ್ತಾರೆ. ಅದೇ ಬ್ಲೀಡ್ ಏರ್. ಹೊಗೆ ಬರುವುದಿಲ್ಲವಾ ಅಂತ ಕೇಳಬೇಡಿ, ಬೆಂಕಿ ಇರುವುದು ಅದರ ಹಿಂದೆ.

ಸೈಕಲ್ಲಿಗೆ ಪಂಪ್ ಹೊಡೆದರೆ ಪಂಪ್ ಬಿಸಿಯಾಗುತ್ತದಲ್ವಾ, ಹಾಗೆಯೇ ಒತ್ತಿದ ಈ ಗಾಳಿಯೂ ಕಾದಿರುತ್ತದೆ. ರೆಕ್ಕೆಯ ಕೊಳವೆಗೆ ಬರುವಾಗ ಸುಮಾರು 200 ಡಿಗ್ರಿ! ಹೊರಗೆ ಮೈನಸ್ 55 ಇದ್ದರೂ ನಮ್ಮ ತಲೆನೋವು ತಣಿಸುವುದೇ.

ತಣಿಸುವ ಯಂತ್ರಕ್ಕೆ ಪ್ಯಾಕ್ ಅನ್ನುತ್ತೇವೆ. ಸಾಮಾನ್ಯವಾಗಿ ಎರಡು, ವಿಮಾನದ ಹೊಟ್ಟೆಯಲ್ಲಿ ಇರುತ್ತವೆ. ಅದರಲ್ಲಿ ಫ್ರಿಜ್ಜಿನ ಗ್ಯಾಸ್ ಇಲ್ಲ. ಬಿಸಿ ಗಾಳಿ ಒಂದು ರೇಡಿಯೇಟರಿನೊಳಗೆ ಹೋಗುತ್ತದೆ, ಹೊರಗಿನ ಚಳಿ ಗಾಳಿ ಅದರ ಮೇಲೆ ಬಡಿದು ಶಾಖ ಒಯ್ಯುತ್ತದೆ. ಆಮೇಲೆ ಒಂದು ಚಿಕ್ಕ ಕಂಪ್ರೆಸರ್ ಅದನ್ನು ಮತ್ತೆ ಒತ್ತುತ್ತದೆ, ಎರಡನೇ ರೇಡಿಯೇಟರ್ ಮತ್ತೆ ಶಾಖ ಕಳೆಯುತ್ತದೆ. ಕೊನೆಗೆ ಟರ್ಬೈನ್. ಗಾಳಿ ಅದನ್ನು ತಿರುಗಿಸುತ್ತಾ ಹಿಗ್ಗುತ್ತದೆ. ಆ ದುಡಿಮೆಗೆ ತನ್ನ ಶಾಖವನ್ನೇ ಖರ್ಚು ಮಾಡಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಆ ಚಿಕ್ಕ ಕಂಪ್ರೆಸರನ್ನು ತಿರುಗಿಸುವುದೂ ಇದೇ ಟರ್ಬೈನ್, ಒಂದೇ ದಂಡದ ಎರಡು ತುದಿ. ಈ ಜಾಣತನ ಕಂಡುಹಿಡಿದವರಿಗೆ ನಾನು ಈಗಲೂ ಕೈಮುಗಿಯುತ್ತೇನೆ! ಒಳಗೆ ಬೆಚ್ಚಗೆ ಬೇಕಾದರೆ ಹೀಟರ್ ಬೇಡ, ತಣಿಸದ ಬಿಸಿ ಗಾಳಿಯನ್ನೇ ಹದವಾಗಿ ಬೆರೆಸಿದರೆ ಆಯಿತು.

ಎಂಜಿನ್ನಿನಿಂದ ಗಾಳಿ ಬರದಿದ್ದರೆ ಏನಾಗುತ್ತದೆ? 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ಹೊರಟಿತು. 166 ಪ್ರಯಾಣಿಕರು. ಎಂಜಿನ್‌ಗಳು ಸರಿಯಾಗಿಯೇ ಓಡುತ್ತಿದ್ದವು. ಆದರೆ ಬ್ಲೀಡ್ ಸ್ವಿಚ್ ಆನ್ ಮಾಡಲು ಸಿಬ್ಬಂದಿ ಮರೆತಿದ್ದರು ಅಂತ ವಿಮಾನಯಾನ ನಿರ್ದೇಶನಾಲಯವೇ ಹೇಳಿತು. ಇದನ್ನು ಆಫ್ ಮಾಡುವುದೇ ತಪ್ಪು ಅಂದುಕೊಳ್ಳಬೇಡಿ. ಗಾಳಿ ಎಳೆದುಕೊಂಡಷ್ಟೂ ಎಂಜಿನ್ನಿನ ಬಲ ಕಡಿಮೆಯಾಗುತ್ತದೆ. ಅದಕ್ಕೇ ಬಿಸಿಲು ಜಾಸ್ತಿ ಇದ್ದಾಗ, ಭಾರ ಜಾಸ್ತಿ ಇದ್ದಾಗ, ಬ್ಲೀಡ್ ಮುಚ್ಚಿ ಮೇಲೇರುವ ಪದ್ಧತಿ ಉಂಟು. ಏರಿದ ಮೇಲೆ ತೆರೆಯಲೇಬೇಕು. ತೆರೆಯದಿದ್ದರೆ ಒಳಗಿರುವ ಗಾಳಿ ಸೋರುತ್ತಲೇ ಇರುತ್ತದೆ, ಹೊಸದು ಬರುವುದಿಲ್ಲ. ಸಾಮಾನ್ಯವಾಗಿ ಒಳಗಿನ ಒತ್ತಡ 8,000 ಅಡಿ ಎತ್ತರದಲ್ಲಿ ಇರುವಷ್ಟಾದರೂ ಇರಬೇಕು, ಅಂದರೆ ಊಟಿಗಿಂತ ಸ್ವಲ್ಪ ಮೇಲೆ. ಅದು 10,000 ಅಡಿಯ ಮಟ್ಟಕ್ಕೆ ಕುಸಿದರೆ ಕಾಕ್‌ಪಿಟ್‌ನಲ್ಲಿ ಹಾರ್ನ್ ಕೂಗುತ್ತದೆ. 14,000ಕ್ಕೆ ಕುಸಿದರೆ ಆಮ್ಲಜನಕದ ಮಾಸ್ಕ್‌ಗಳು ತಾವಾಗಿಯೇ ಬೀಳುತ್ತವೆ. ಅವತ್ತು ಬಿದ್ದೇಬಿಟ್ಟವು. ಸುಮಾರು ಮೂವತ್ತು ಜನರಿಗೆ ಮೂಗಿನಲ್ಲಿ ರಕ್ತ, ಕೆಲವರಿಗೆ ಕಿವಿಯಲ್ಲಿ, ಕೆಲವರಿಗೆ ತಲೆನೋವು. ವಿಮಾನ ಮುಂಬೈಗೇ ವಾಪಸ್ ಬಂತು. ಈಗ ಹೇಳಿ, ಗಾಳಿ ಎಲ್ಲಿಂದ ಬರುತ್ತದೆ?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಳಗಿನ ಗಾಳಿಯನ್ನು ಸುತ್ತಿಸುವುದೂ ಉಂಟು, ಸುಮಾರು ಅರ್ಧದಷ್ಟು. ಹೆಚ್ಚಿನ ದೊಡ್ಡ ವಿಮಾನಗಳಲ್ಲಿ ಅದು ಆಸ್ಪತ್ರೆ ದರ್ಜೆಯ ಫಿಲ್ಟರ್ ದಾಟಿ ಬರುತ್ತದೆ. ಉಳಿದರ್ಧ ಹೊಸದು, ಎಂಜಿನ್ನಿನದು. ಎರಡು ಮೂರು ನಿಮಿಷಕ್ಕೊಮ್ಮೆ ಇಡೀ ಕ್ಯಾಬಿನ್ನಿನ ಗಾಳಿ ಬದಲಾಗುತ್ತದೆ. ಹಳೆಯದು ಹಿಂಬದಿಯ ಒಂದು ಕವಾಟದಿಂದ ಹೊರಗೆ ಹೋಗುತ್ತದೆ. ಮೇಲಿನ ಗಾಳಿಯಲ್ಲಿ ನೀರಿನಂಶ ಇಲ್ಲವೇ ಇಲ್ಲ ಅನ್ನಬಹುದು, ಅದಕ್ಕೇ ತುಟಿ ಒಣಗುವುದು.

ಮಳೆಗಾಲದ ಮಂಗಳೂರಿನಲ್ಲಿ ವಿಮಾನ ನಿಂತಿರುವಾಗ ಮೇಲಿನಿಂದ ಬಿಳಿ ಹೊಗೆಯಂತೆ ಇಳಿದರೆ ಸುಮ್ನೆ ಹೆದರಬೇಡಿ. ಪ್ಯಾಕಿನ ತಣ್ಣನೆ ಗಾಳಿ ಒಳಗಿನ ತೇವಕ್ಕೆ ತಗುಲಿ ಆದ ಮಂಜು ಅದು. ವಾಸನೆ ಇರುವುದಿಲ್ಲ, ಕೈ ಒಡ್ಡಿದರೆ ತಣ್ಣಗಿರುತ್ತದೆ. ಸುಟ್ಟ ವಾಸನೆ ಇದ್ದರೆ ಮಾತ್ರ ತಕ್ಷಣ ಗಗನಸಖಿಯನ್ನು ಕರೆಯಿರಿ.

ಬೋಯಿಂಗ್ 787 ಒಂದು ಮಾತ್ರ ಇದಕ್ಕೆ ಹೊರತು. ಅದರಲ್ಲಿ ವಿದ್ಯುತ್ ಕಂಪ್ರೆಸರ್‌ಗಳು ಹೊರಗಿನ ಗಾಳಿಯನ್ನೇ ಒತ್ತಿ ಕೊಡುತ್ತವೆ. ಅದನ್ನು ಹೇಳಲು ಇನ್ನೊಮ್ಮೆ ಕರೆದರೆ ಬರುತ್ತೇನೆ. ನಮಸ್ಕಾರ.