ಒಂದು ಡಬ್ಬಿ, ಮೂರು ವಸ್ತು: ಸ್ಟೀಲ್ ಟಿಫಿನ್ ಬಾಕ್ಸ್ ಲಿಸ್ಟಿಂಗ್ ತಿದ್ದೋಣ

ಟೇಬಲ್ ಮೇಲಿರೋದು 800 ಎಂಎಲ್ ಸ್ಟೀಲ್ ಟಿಫಿನ್ ಬಾಕ್ಸ್. ಒಳಗೆ ಒಂದು ಅಡ್ಡಗೋಡೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ, ನಾಲ್ಕು ಕಡೆ ಕ್ಲಿಪ್ಪು, ಮುಚ್ಚಳದ ಒಳಗೆ ಬಿಳಿ ರಬ್ಬರ್ ರಿಂಗು. ಆನ್‌ಲೈನಲ್ಲಿ ಮಾರೋಕೆ ಬರೆದ ಲಿಸ್ಟಿಂಗ್ ಹೀಗಿದೆ: ‘ಫುಡ್ ಗ್ರೇಡ್ ಸ್ಟೀಲ್, ತುಕ್ಕು ಹಿಡಿಯೋದೇ ಇಲ್ಲ, ಬಿಪಿಎ ಫ್ರೀ, ಲೀಕ್ ಪ್ರೂಫ್.’ ನಾಲ್ಕು ಮಾತು, ನಾಲ್ಕನ್ನೂ ತಿದ್ದಬೇಕು.

ಮೊದಲು ಸ್ಟೀಲು. ಫುಡ್ ಗ್ರೇಡ್ ಅಂದ್ರೆ ಯಾವ ಗ್ರೇಡು ಅಂತ ಗೊತ್ತಾಗಲ್ಲ, ಸಂಖ್ಯೆ ಬೇಕು. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತೆ. ಡಬ್ಬಿ ಮೇಲೆ 18/8 ಅಂತ ಇದ್ರೆ ಅದು ಇದೇ ಲೆಕ್ಕ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ. ಅಗ್ಗ, ಹೊಳಪೂ ಅಷ್ಟೇ, ಆದ್ರೆ ಉಪ್ಪು ಹುಳಿ ತಾಳೋ ಶಕ್ತಿ ಕಡಿಮೆ.

ಅಯಸ್ಕಾಂತ ಅಂಟದಿದ್ರೆ 304 ಅಂತ ಅಂಗಡಿಯಲ್ಲಿ ಹೇಳೋದುಂಟು. ನೋಡಿ, ಅದು 202ಕ್ಕೂ ಹೆಚ್ಚುಕಮ್ಮಿ ಅಂಟಲ್ಲ. ಇನ್ನು ಅಪ್ಪಟ 304 ತಗಡನ್ನ ಪ್ರೆಸ್ಸಲ್ಲಿ ಎಳೆದು ಡಬ್ಬಿ ಮಾಡಿದಾಗ, ಹೆಚ್ಚು ಎಳೆತ ಬಿದ್ದ ಮೂಲೆಗಳಿಗೆ ಸ್ವಲ್ಪ ಅಂಟುತ್ತೆ. ಅಲ್ಲಿಗೆ ಈ ಪರೀಕ್ಷೆಯಿಂದ ಗೊತ್ತಾಗೋದು ನಿಕಲ್ ಇಲ್ಲದ 430ರಂಥ ಸ್ಟೀಲು ಮಾತ್ರ. 304 ಅಂತ ಬರೆಯೋ ಮುಂಚೆ ತಯಾರಕರಿಂದ ಆ ತಗಡಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ. ಐಎಸ್‌ಐ ಗುರುತಿದ್ರೆ ಅದರ ಜೊತೆಗಿರೋ CM/L ಲೈಸೆನ್ಸ್ ನಂಬರನ್ನ ಬಿಐಎಸ್ ಕೇರ್ ಆಪಲ್ಲಿ ಹಾಕಿ ನೋಡಿ. ಸ್ಟೀಲ್ ಪಾತ್ರೆಗಳ ಮಾನದಂಡ ಐಎಸ್ 14756.

ಯಾವ ಭಾಗ 304 ಅನ್ನೋದನ್ನೂ ಬಿಡಿಸಿ ಬರೀರಿ. ಎರಡು ಪದರದ ಡಬ್ಬಿಗಳಲ್ಲಿ ಒಳಗಿನದು 304, ಹೊರಗಿನದು ಬೇರೆ ಗ್ರೇಡು ಇರೋದುಂಟು. ನಮ್ಮದು ಒಂದೇ ಪದರ. ಹಾಗಾಗಿ ಸಾಲು ಹೀಗೆ: ‘ಡಬ್ಬಿ ಮತ್ತು ಅಡ್ಡಗೋಡೆ 304 ಸ್ಟೀಲ್, ಮುಚ್ಚಳ ಪಾಲಿಪ್ರೊಪಿಲೀನ್, ರಿಂಗ್ ಸಿಲಿಕೋನ್.’

ಬಿಪಿಎ ಅನ್ನೋದು ಸ್ಟೀಲಿನ ವಿಷಯವೇ ಅಲ್ಲ. ಅದು ಮುಖ್ಯವಾಗಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮಾಡೋಕೆ ಬಳಸೋ ರಾಸಾಯನಿಕ, ಪಾಲಿಪ್ರೊಪಿಲೀನ್ ಮಾಡೋಕೆ ಅದು ಬೇಕಿಲ್ಲ. ಬರೆಯಲೇಬೇಕು ಅಂದ್ರೆ ‘ಮುಚ್ಚಳ ಬಿಪಿಎ ಇಲ್ಲದ್ದು’ ಅಂತ ಬರೀರಿ, ಅಷ್ಟೇ. ಅದನ್ನೇ ಹಿಗ್ಗಿಸಿ ‘ಯಾವ ರಾಸಾಯನಿಕವೂ ಇಲ್ಲ, ಮಕ್ಕಳಿಗೆ ಪೂರ್ತಿ ಸೇಫ್’ ಅನ್ನೋದು ತಪ್ಪು.

ಇನ್ನು ಲೀಕ್ ಪ್ರೂಫ್, ಬೈಗುಳ ಹೆಚ್ಚು ಬರೋದೇ ಇದಕ್ಕೆ. ಡಬ್ಬಿಗೆ ಮುಕ್ಕಾಲು ಭಾಗ ಅರಿಶಿನ ನೀರು ಹಾಕಿ, ಕ್ಲಿಪ್ ಹಾಕಿ, ನ್ಯೂಸ್‌ಪೇಪರ್ ಮೇಲೆ ಬೋರಲು ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಕಡೆ ಮಾತ್ರ ನೀರು ತುಂಬಿ ಮಗುಚಿ. ಅಡ್ಡಗೋಡೆಯ ಅಂಚು ಮುಚ್ಚಳಕ್ಕೆ ಒತ್ತಿ ಕೂರದಿದ್ರೆ, ಹೊರಗೆ ಹನಿ ಬೀಳದಿದ್ದರೂ ಸಾರು ಪಕ್ಕದ ಅನ್ನಕ್ಕೆ ಇಳಿಯುತ್ತೆ. ಕುದಿಯೋ ಸಾಂಬಾರ್ ಹಾಕಿ ತಕ್ಷಣ ಮುಚ್ಚಿದ್ರೆ ಒಳಗಿನ ಹಬೆ ರಿಂಗನ್ನ ಮೇಲಕ್ಕೆ ತಳ್ಳುತ್ತೆ. ಆರಿದ ಮೇಲೆ ಒಳಗೆ ಒತ್ತಡ ಇಳಿದು ಮುಚ್ಚಳ ಕಚ್ಚಿಕೊಳ್ಳುತ್ತೆ, ಮಕ್ಕಳ ಕೈಲಿ ತೆಗೆಯೋಕೆ ಆಗಲ್ಲ. ಆದ್ದರಿಂದ: ‘ಅನ್ನ, ಚಪಾತಿ, ಗಟ್ಟಿ ಪಲ್ಯಕ್ಕೆ ಸರಿ. ತಿಳಿ ಸಾರಿಗಲ್ಲ. ಹಬೆ ಇಳಿದ ಮೇಲೆ ಮುಚ್ಚಿ. ಮೈಕ್ರೋವೇವ್‌ನಲ್ಲಿ ಇಡಬೇಡಿ.’

ತೊಳೆಯೋ ವಿಷಯ. ಹೊಸ ಡಬ್ಬಿಯನ್ನ ಬಿಳಿ ಬಟ್ಟೆಯಲ್ಲಿ ಉಜ್ಜಿದ್ರೆ ಕಪ್ಪು ಬರಬಹುದು. ಅದು ಪಾಲಿಶ್ ಮಾಡಿದಾಗ ಉಳಿದ ಮಸಿ. ನೀರಿಗಿಂತ ಅಡುಗೆ ಎಣ್ಣೆಗೆ ಬೇಗ ಬಿಡುತ್ತೆ. ಬಟ್ಟೆ ಬೆಳ್ಳಗೇ ಉಳಿಯೋವರೆಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಬಿಸಿನೀರು, ಸೋಪು.

ದಿನಾ ತೊಳೆಯುವಾಗ ಮರೆಯೋದು ರಿಂಗನ್ನ. ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ: ಕೆಳಗಿನ ಸಂದಿಯಲ್ಲಿ ಹಳದಿ ಜಿಡ್ಡು, ಒಂದು ಕರಿಬೇವಿನ ಚೂರು, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ವಾಸನೆ ಹುಟ್ಟೋ ಜಾಗ ಇದು. ದಿನಾ ಬಿಚ್ಚಿ ತೊಳೆದು, ಡಬ್ಬಿ, ರಿಂಗು, ಮುಚ್ಚಳ ಮೂರನ್ನೂ ಬೇರೆಬೇರೆ ಒಣಗಿಸಿ. ಅರಿಶಿನದ ಕಲೆ ನಿಂತರೆ ಪರವಾಗಿಲ್ಲ. ಕಪ್ಪು ಚುಕ್ಕೆ ಉಜ್ಜಿದರೂ ಹೋಗದಿದ್ರೆ, ರಿಂಗ್ ಸೀಳಿದ್ರೆ, ಬದಲಾಯಿಸಬೇಕು.

‘ತುಕ್ಕು ಹಿಡಿಯೋದೇ ಇಲ್ಲ’ ಅನ್ನೋದನ್ನ ‘ಸುಲಭವಾಗಿ ತುಕ್ಕು ಹಿಡಿಯಲ್ಲ’ ಅಂತ ಇಳಿಸಿ. ಚಿತ್ರಾನ್ನ, ಉಪ್ಪಿನಕಾಯಿ ರಾತ್ರಿಯಿಡೀ ಕೂತ್ರೆ 304ರಲ್ಲೂ ಉಪ್ಪಿನಿಂದ ಸೂಜಿ ಮೊನೆಯಷ್ಟು ಗುಳಿ ಬೀಳಬಹುದು. ಬ್ಲೀಚಿನ ಕೆಲಸವೂ ಅದೇ. ಕಬ್ಬಿಣದ ನಾರಲ್ಲಿ ಉಜ್ಜಿದ್ರೆ ಅದರ ಪುಡಿ ಡಬ್ಬಿಗೆ ಅಂಟಿ ತುಕ್ಕು ಹಿಡಿಯುತ್ತೆ, ದೂರು ಬರೋದು ಡಬ್ಬಿ ಮೇಲೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಮಾತ್ರ ತುಕ್ಕಲ್ಲ, ನಿಂಬೆಹೋಳಲ್ಲಿ ತಿಕ್ಕಿ ತಕ್ಷಣ ತೊಳೆದ್ರೆ ಹೋಗುತ್ತೆ.

ಲಿಸ್ಟಿಂಗಿನ ಕೊನೇ ಸಾಲಲ್ಲಿ ರಿಂಗಿನ ಅಳತೆ, ಬಿಡಿಯಾಗಿ ಸಿಗುತ್ತೋ ಇಲ್ವೋ, ಸಿಕ್ಕರೆ ಬೆಲೆ ಎಷ್ಟು ಅಂತ ಬರೀರಿ.