ಇನ್ನೆಷ್ಟು ವರ್ಷ ಕೆಲಸ ಮಾಡ್ತೀರಿ, ಸರ್?

ನಮಸ್ಕಾರ. 35 ವರ್ಷ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ, 60ಕ್ಕೆ ನಿವೃತ್ತನಾಗಿ, ಎಂಟು ತಿಂಗಳಿಗೇ ಮತ್ತೆ ಕೆಲಸ ಹುಡುಕೋಕೆ ಹೊರಟವನು ನಾನು. ಮೊದಲನೇ ಇಂಟರ್‌ವ್ಯೂನಲ್ಲಿ ಒಬ್ಬ ಹುಡುಗ ಕೇಳಿದ, "ಇನ್ನೆಷ್ಟು ವರ್ಷ ಕೆಲಸ ಮಾಡ್ತೀರಿ, ಸರ್?" ನಂಗೆ ರೇಗಿತು. "ನೀವು ಇಲ್ಲಿ ಎಷ್ಟು ವರ್ಷ ಇರ್ತೀರಿ ಅಂತ ನಿಮ್ಮನ್ನ ಯಾರಾದ್ರೂ ಕೇಳಿದಾರಾ?" ಅಂದುಬಿಟ್ಟೆ. ಮಾತು ಸರಿಯಾಗೇ ಇತ್ತು. ಕೆಲಸ ಮಾತ್ರ ಸಿಗಲಿಲ್ಲ.

ಮನೆಗೆ ಬಂದು ಕೂತು ಯೋಚನೆ ಮಾಡಿದೆ. ನಾನೇ ಎಷ್ಟೋ ಜನರನ್ನ ಇಂಟರ್‌ವ್ಯೂ ಮಾಡಿದವನು. ಆ ಹುಡುಗನಿಗೆ ನನ್ನ ವಯಸ್ಸು ಕಟ್ಟಿಕೊಂಡು ಆಗಬೇಕಾದ್ದೇನು? ಅವನ ಭಯ ಇಷ್ಟೇ: ಇವರಿಗೆ ಎಲ್ಲಾ ಹೇಳಿಕೊಟ್ಟ ಮೇಲೆ, ಆರು ತಿಂಗಳಿಗೆ ಬಿಟ್ಟು ಹೋದ್ರೆ ನಾನು ಮತ್ತೆ ಮೊದಲಿಂದ ಹುಡುಕಬೇಕಲ್ಲ ಅಂತ. ಆ ಭಯಕ್ಕೆ ಉತ್ತರ ಕೊಡಬೇಕಿತ್ತು. ನಾನು ನನ್ನ ಸಿಟ್ಟಿಗೆ ಕೊಟ್ಟೆ.

ಎರಡನೇ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಒಬ್ಬರಿಂದ ಅದೇ ಪ್ರಶ್ನೆ ಬಂತು. ಈ ಸಲ ಹೇಳಿದ್ದು ಹೀಗೆ: "ಮೂರು ವರ್ಷ ಅಂತ ಲೆಕ್ಕ ಹಾಕಿಕೊಂಡು ಬಂದಿದೀನಿ. ಮೊದಲ ವರ್ಷ ನಿಮ್ಮ ಸ್ಟಾಕ್ ಲೆಕ್ಕ ಹದಕ್ಕೆ ತರೋದು, ಎರಡನೇ ವರ್ಷದಿಂದ ಒಬ್ಬರನ್ನ ಜೊತೆಗಿಟ್ಟುಕೊಂಡು ತಯಾರು ಮಾಡೋದು." ಅಷ್ಟೇ, ಅರ್ಧ ನಿಮಿಷ. ಬಿಪಿ, ಶುಗರ್, ದಿನಾ ಐದು ಕಿಲೋಮೀಟರ್ ನಡೀತೀನಿ ಅನ್ನೋದು ಯಾವುದೂ ಬೇಡ. ಅವರು ಕೇಳದೇ ಇರೋ ಆರೋಗ್ಯದ ವಿಷಯ ನಾವಾಗಿಯೇ ಎತ್ತಿದ್ರೆ, ಇಲ್ಲದ ಅನುಮಾನ ಹುಟ್ಟುತ್ತೆ. ಮೂರು ವರ್ಷ ಅಂತ ನಿಜವಾಗ್ಲೂ ಮನಸ್ಸಿನಲ್ಲಿ ಇದ್ರೆ ಮಾತ್ರ ಹೇಳಿ. ಒಂದೇ ವರ್ಷ ಅಂತಿದ್ರೆ ಗುತ್ತಿಗೆ ಕೆಲಸ ಕೇಳೋದು ವಾಸಿ.

ಆಮೇಲೆ ಆ ಮ್ಯಾನೇಜರ್ ಕೇಳಿದ್ರು, "ಸಾಫ್ಟ್‌ವೇರ್ ಬರುತ್ತಾ?" ಆಕೆಗೆ ಮೂವತ್ತು ದಾಟಿತ್ತೋ ಇಲ್ಲವೋ. "ಬರುತ್ತೆ" ಅಂದ್ರೆ ಯಾರೂ ನಂಬಲ್ಲ, "ಕಲೀತೀನಿ" ಅಂದ್ರೆ ಬರಲ್ಲ ಅಂತಲೇ ಅರ್ಥ. "ನಿಮ್ಮಲ್ಲಿ ತಾಳೆ ಆಗದ ಐಟಂ ಒಂದು ತೋರಿಸ್ತೀರಾ?" ಅಂತ ಕೇಳಿದೆ. ಆಕೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ್ರು. ಕಂಪ್ಯೂಟರ್‌ನಲ್ಲಿ 20, ರ‍್ಯಾಕ್‌ನಲ್ಲಿ ಎಣಿಸಿದಾಗ 240. ಎರಡು ಸಲ ಎಣಿಸಿದ್ರಂತೆ. ಪ್ರತಿ ಐಟಂನ ವಿವರ ಇರೋ ಐಟಂ ಮಾಸ್ಟರ್ ತೆಗೆದು ನೋಡಿದೆ. ಖರೀದಿ ಬಾಕ್ಸ್ ಲೆಕ್ಕದಲ್ಲಿ, ವಿತರಣೆ ಬಿಡಿ ಲೆಕ್ಕದಲ್ಲಿ. ಬಾಕ್ಸ್‌ಗೆ 12 ಅನ್ನೋ ಪರಿವರ್ತನೆಯನ್ನ ಯಾರೂ ತುಂಬಿಸಿರಲಿಲ್ಲ. 20 ಬಾಕ್ಸ್ ಬಂದದ್ದು 20 ಬಿಡಿ ಅಂತ ದಾಖಲಾಗಿತ್ತು. 20 ಇಂಟು 12, 240, ಮುಗೀತು. ಆ ಸಾಫ್ಟ್‌ವೇರ್ ನಾನು ಅವತ್ತೇ ಮೊದಲು ನೋಡಿದ್ದು, ಅದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಆಕೆ ಕಂಪ್ಯೂಟರ್ ಮಾತು ಎತ್ತಲಿಲ್ಲ.

ಈ ಅವಕಾಶ ಎಲ್ಲಾ ಕಡೆ ಸಿಗಲ್ಲ, ಒಪ್ತೀನಿ. ತಮ್ಮ ಕಡತ ಹೊರಗಿನವರಿಗೆ ತೋರಿಸೋಕೆ ಒಪ್ಪದ ಕಂಪನಿಗಳೇ ಜಾಸ್ತಿ. ಅದಕ್ಕೆ ನಾವೇ ಒಂದು ಸಣ್ಣ ಮಾದರಿ ಹಾಳೆ ಮಾಡಿಕೊಂಡು ಹೋಗಬಹುದು. ಹಳೇ ಕಂಪನಿಯ ನಿಜವಾದ ಅಂಕಿ ಮಾತ್ರ ಅದರಲ್ಲಿ ಇರಕೂಡದು.

ಇನ್ನೊಂದು ಪ್ರಶ್ನೆ ಗ್ಯಾರಂಟಿ ಬರುತ್ತೆ: "ನಿಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡೋಕೆ ಆಗುತ್ತಾ?" ಇಲ್ಲಿ ನಮ್ಮವರು ಪ್ರೀತಿಯಿಂದಲೇ ಎಡವೋದು. "ಅಯ್ಯೋ, ನೀವು ನನ್ನ ಮಗಳ ಥರ" ಅಂತೀವಿ! ಮಗಳನ್ನ ಬಾಸ್ ಅಂತ ಯಾರಾದ್ರೂ ಒಪ್ತಾರಾ? "ನೋಡಮ್ಮ" ಅಂದ ಕೂಡಲೇ ಆಕೆ ಮನಸ್ಸಿನಲ್ಲಿ ಒಂದು ಗೆರೆ ಎಳೆದಾಯ್ತು. ಇಂಟರ್‌ವ್ಯೂ ಮಾಡೋರು 25ರವರಾದ್ರೂ ಬಹುವಚನ ಇರಲಿ, ಹೆಸರಿಗೆ ಅಮ್ಮ, ಮಗು, ಪುಟ್ಟ ಸೇರೋದು ಬೇಡ. ಉತ್ತರಕ್ಕೆ ಒಂದು ನಡೆದ ಘಟನೆ ಸಾಕು. ನಾನು ಹೇಳಿದ್ದು: "ಬಾರ್‌ಕೋಡ್ ಸ್ಕ್ಯಾನರ್ ಬಂದಾಗ ಹೊಸದಾಗಿ ಸೇರಿದ ಹುಡುಗನ ಪಕ್ಕ ಎರಡು ವಾರ ಕೂತು ಕಲಿತೆ. ಲೆಡ್ಜರ್ ಇಟ್ಟುಕೊಳ್ಳೋಣ ಅಂತ ವಾದ ಮಾಡಿದ್ದೂ ನಾನೇ, ಸೋತಿದ್ದೂ ನಾನೇ." ಆಕೆ ನಕ್ಕರು.

ಕೂದಲಿಗೆ ಬಣ್ಣ ಹಚ್ಚಿ, ಓದಿದ ವರ್ಷ ಅಳಿಸಿ ಅನ್ನೋ ಸಲಹೆ ನಂಗೆ ಹಿಡಿಸಲ್ಲ. ರೆಸ್ಯೂಮೆಯಲ್ಲಿ ಕೊನೆಯ 15 ವರ್ಷದ ಕೆಲಸ ಮಾತ್ರ ಬರೆಯೋದು ಸರಿ, ಹಳೇದು ಈ ಹುದ್ದೆಗೆ ಬೇಕಾಗಿಲ್ಲ. ಆದ್ರೆ ಎದುರಿಗೆ ಕೂತ ಮೇಲೆ ವಯಸ್ಸು ಎಲ್ಲಿಗೆ ಹೋಗುತ್ತೆ?

ಇಷ್ಟೆಲ್ಲಾ ಮಾಡಿದ್ರೂ ಕೆಲವು ಬಾಗಿಲು ಮೊದಲೇ ಮುಚ್ಚಿರುತ್ತೆ. ಗುರುತು ಹಿಡಿಯೋದು ಸುಲಭ: ಕೆಲಸದ ಬಗ್ಗೆ ಒಂದೂ ಪ್ರಶ್ನೆ ಇರಲ್ಲ, ಬೇರೆ ಬೇರೆ ಮಾತಿನಲ್ಲಿ ವಯಸ್ಸೇ ಮೂರು ಸಲ ಬರುತ್ತೆ. ಅಂಥ ಒಂದು ಕಡೆ ನಾನು ನೇರವಾಗಿ ಕೇಳಿದೆ, "ಈ ಹುದ್ದೆಯಲ್ಲಿ ಯಾವ ಕೆಲಸ ನನ್ನಿಂದ ಆಗಲ್ಲ ಅನ್ಸುತ್ತೆ, ಹೇಳಿ, ಅದರ ಬಗ್ಗೆ ಮಾತಾಡೋಣ." ಅವರು ಗಡಿಯಾರ ನೋಡಿದ್ರು. ನಾನು ಚೀಲ ತಗೊಂಡೆ.