ಕಾರಿನ ವಿಮರ್ಶೆ ನೋಡುವಾಗ ಕೇಳಬೇಕಾದ ಪ್ರಶ್ನೆಗಳು

ಸಭಿಕರೇ,

ಹೊಸ ಕಾರೊಂದು ಬಿಡುಗಡೆಯಾದಾಗ ಹತ್ತಾರು ಚಾನೆಲ್‌ಗಳ ವಿಮರ್ಶೆಗಳು ಒಂದೇ ದಿನ, ಒಂದೇ ಹೊತ್ತಿಗೆ ಪ್ರಕಟವಾಗುವುದನ್ನು ನೀವು ಗಮನಿಸಿರಬಹುದು. ಅವರನ್ನೆಲ್ಲ ಕಂಪನಿಯೇ ಒಂದು ಊರಿಗೆ ಕರೆಸಿ, ಹೋಟೆಲಿನಲ್ಲಿ ಇಳಿಸಿ, ತಾನೇ ಆರಿಸಿದ ರಸ್ತೆಯಲ್ಲಿ ಕೆಲವು ಗಂಟೆ ಕಾರು ಓಡಿಸಲು ಕೊಟ್ಟು, ಇಂಥ ಹೊತ್ತಿಗೆ ಮುಂಚೆ ಪ್ರಕಟಿಸಬಾರದೆಂದು ಹೇಳಿರುತ್ತದೆ. ಇದು ಮೋಸವಲ್ಲ; ಆದರೆ ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಣ ಮಾತ್ರವಲ್ಲ, ಉಡುಗೊರೆ, ಪ್ರವಾಸ, ಹೋಟೆಲ್ ವಾಸ್ತವ್ಯಗಳೂ ವೀಕ್ಷಕರಿಗೆ ತಿಳಿಸಬೇಕಾದ ಸಂಬಂಧಗಳೇ. ತಿಳಿಸುವುದೂ ವಿಡಿಯೊದ ಭಾಷೆಯಲ್ಲೇ, ಎದ್ದು ಕಾಣುವಂತೆ ಇರಬೇಕು. ಕನ್ನಡದಲ್ಲಿ ಮಾತಾಡಿ, ಕೆಳಗಿನ ವಿವರಣೆಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ಒಂದು ಪದ ಸೇರಿಸಿದರೆ ಸಾಲದು. ಯೂಟ್ಯೂಬಿನಲ್ಲಿ ಕಾಣುವ ಪ್ರಾಯೋಜನೆಯ ಸೂಚನೆಯನ್ನು ವಿಡಿಯೊ ಮಾಡಿದವರೇ ಗುರುತು ಹಾಕಿ ಹಚ್ಚಬೇಕಾಗಿರುವುದರಿಂದ, ಅದು ಕಾಣಲಿಲ್ಲವೆಂದ ಮಾತ್ರಕ್ಕೆ ಸಂಬಂಧವಿಲ್ಲವೆಂದು ತಿಳಿಯಬಾರದು.

ಹಾಗಾದರೆ ಪ್ರಾಯೋಜಿತ ಹೊಗಳಿಕೆಯನ್ನು ಗುರುತಿಸುವುದು ಹೇಗೆ? ನಾನು ಮೊದಲು ನೋಡುವುದು ಅವರು ಎತ್ತಿ ತೋರಿಸುವ ಕೊರತೆಗಳನ್ನು. ಕನ್ನಡಕ ಇಡಲು ಜಾಗವಿಲ್ಲ, ಇನ್ನೊಂದು ಬಣ್ಣ ಇರಬೇಕಿತ್ತು ಎಂಬಂಥ ದೂರುಗಳಿಂದ ಒಂದು ಕಾರಿನ ಮಾರಾಟವೂ ತಪ್ಪುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರನ್ನು ಕೂರಿಸಿ ತೋರಿಸಿದರೇ, ಅದೇ ಬೆಲೆಯ ಪ್ರತಿಸ್ಪರ್ಧಿ ಕಾರಿನ ಹೆಸರು ಹೇಳಿ ಎಲ್ಲಿ ಇದು ಸೋಲುತ್ತದೆ ಎಂದರೇ, ತಾವು ಓಡಿಸಿದ್ದು ಅತಿ ದುಬಾರಿ ವೇರಿಯಂಟ್ ಎಂದು ನೆನಪಿಸಿದರೇ ಎಂಬುದರಲ್ಲಿ ವಿಮರ್ಶಕರ ಸ್ವಾತಂತ್ರ್ಯ ಕಾಣುತ್ತದೆ.

ಹಣ ಪಡೆಯದ ಪ್ರಾಮಾಣಿಕರೂ ತಪ್ಪು ಅಳತೆ ಮಾಡಬಹುದು. ಮೈಲೇಜನ್ನೇ ತೆಗೆದುಕೊಳ್ಳಿ. ಟ್ಯಾಂಕ್ ತುಂಬಿಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕುವುದು ವಿಡಿಯೊಗಳಲ್ಲಿ ಸಾಮಾನ್ಯ. ಕಾರು ನಿಜವಾಗಿ ಕುಡಿದದ್ದು 6 ಲೀಟರ್ ಎಂದುಕೊಳ್ಳೋಣ. ಮೈಲೇಜ್ ಸುಮಾರು 16.7 ಆಯಿತು. ಆದರೆ ಬಂಕಿನ ನಾಜಲ್ ತಾನಾಗಿ ನಿಲ್ಲುವುದು ಪ್ರತಿ ಸಲವೂ ಒಂದೇ ಮಟ್ಟದಲ್ಲಲ್ಲ. ನೆಲದ ಇಳಿಜಾರು, ಇಂಧನದ ನೊರೆ, ನಾಜಲ್ ಇಟ್ಟ ಕೋನ ಎಲ್ಲವೂ ಅದನ್ನು ಬದಲಿಸುತ್ತವೆ. ಎರಡನೇ ಸಲ ಅರ್ಧ ಲೀಟರ್ ಕಡಿಮೆ ಹಿಡಿದರೆ ಪರದೆಯ ಮೇಲೆ 18.2 ಎಂದು ಬರುತ್ತದೆ, ಅರ್ಧ ಲೀಟರ್ ಹೆಚ್ಚು ಹಿಡಿದರೆ 15.4. ಕಾರು ಒಂದೇ, ಚಾಲಕ ಒಬ್ಬರೇ, ಅಂತರ ಮಾತ್ರ ಲೀಟರಿಗೆ ಸುಮಾರು ಮೂರು ಕಿಲೋಮೀಟರ್. ಇದೇ ಪರೀಕ್ಷೆಯನ್ನು ಐನೂರು ಕಿಲೋಮೀಟರ್ ಓಡಿಸಿ ಮಾಡಿದರೆ, 30 ಲೀಟರಿನಲ್ಲಿ ಅದೇ ಅರ್ಧ ಲೀಟರಿನ ತಪ್ಪು ಉತ್ತರವನ್ನು 16.4ರಿಂದ 16.9ರೊಳಗೇ ಇಡುತ್ತದೆ. ಆದ್ದರಿಂದ ಎಷ್ಟು ಬಂತು ಎಂಬುದಕ್ಕಿಂತ ಮೊದಲು ಎಷ್ಟು ದೂರ ಓಡಿಸಿದರು ಎಂದು ಕೇಳಬೇಕು. ಇನ್ನು ಡ್ಯಾಶ್‌ಬೋರ್ಡಿನ ಅಂಕಿಯನ್ನೇ ಓದಿ ಹೇಳುವವರು ಏನನ್ನೂ ಅಳೆದಿಲ್ಲ. ಅದು ಕಾರಿನ ಕಂಪ್ಯೂಟರಿನ ಅಂದಾಜು.

ಕಂಪನಿ ಹೇಳುವ ಪ್ರಮಾಣೀಕೃತ ಮೈಲೇಜ್ ಮಾತ್ರ ಬೇರೆಯೇ ವಿಷಯ. ಅದನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಗದಿತ ಕ್ರಮದಲ್ಲಿ ಓಡಿಸಿ ಪಡೆಯುತ್ತಾರೆ. ಒಟ್ಟು ಅವಧಿ 1,180 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಎಸಿ ಬಂದ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಸಿ ಹಾಕಿಕೊಂಡು ನಿಂತವರಿಗೆ ಆ ಅಂಕಿ ಸಿಗದು. ಆದರೂ ಎಲ್ಲ ಕಾರುಗಳಿಗೂ ಪರೀಕ್ಷೆ ಒಂದೇ ಆಗಿರುವುದರಿಂದ, ಎರಡು ಕಾರುಗಳನ್ನು ಹೋಲಿಸಲು ನೂರು ಕಿಲೋಮೀಟರಿನ ವಿಡಿಯೊಗಿಂತ ಅದೇ ಹೆಚ್ಚು ನಂಬಲರ್ಹ.

ಸುರಕ್ಷತೆಯ ನಕ್ಷತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಾರುಗಳನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುವ ನಮ್ಮ ದೇಶದ ವ್ಯವಸ್ಥೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದರ ಮುಂಭಾಗದ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಅದರ ಅಗಲದ ಶೇಕಡಾ 40 ಭಾಗ ಮಾತ್ರ ತಾಗುವಂತೆ, ಕುಗ್ಗಬಲ್ಲ ತಡೆಗೋಡೆಗೆ ಗುದ್ದಿಸುತ್ತಾರೆ. ಒಳಗೆ ಮನುಷ್ಯರ ಬದಲು ಕೂರಿಸಿದ ಬೊಂಬೆಗಳ ತಲೆ, ಕುತ್ತಿಗೆ, ಎದೆ, ಕಾಲುಗಳಿಗೆ ಬಿದ್ದ ಪೆಟ್ಟನ್ನು ಅಳೆಯುತ್ತಾರೆ. ಹಿಂದಿನ ಸೀಟಿನಲ್ಲಿ ಇರುವುದು ಮಕ್ಕಳ ಬೊಂಬೆಗಳು, ಅದೂ ಮಕ್ಕಳ ಸೀಟಿನಲ್ಲಿ ಕಟ್ಟಿದವು. ಹಾಗಾಗಿ ಬೆಲ್ಟ್ ಹಾಕದೆ ಹಿಂದೆ ಕೂತ ನಿಮ್ಮ ತಾಯಿಯವರ ಬಗ್ಗೆ ಐದು ನಕ್ಷತ್ರ ಏನನ್ನೂ ಹೇಳುವುದಿಲ್ಲ. ಗೋಡೆಗೆ ಗುದ್ದಿಸುವ ಈ ಪರೀಕ್ಷೆ, ಹೆಚ್ಚುಕಡಿಮೆ ಅಷ್ಟೇ ತೂಕದ ಕಾರು ಎದುರಿನಿಂದ ಬಂದು ಗುದ್ದುವುದಕ್ಕೆ ಸಮ. ಆದ್ದರಿಂದ ಐದು ನಕ್ಷತ್ರದ ಸಣ್ಣ ಕಾರು ಮತ್ತು ಐದು ನಕ್ಷತ್ರದ ದೊಡ್ಡ ಎಸ್‌ಯುವಿ ಪರಸ್ಪರ ಡಿಕ್ಕಿ ಹೊಡೆದರೆ ಇಬ್ಬರಿಗೂ ಸಮಾನ ರಕ್ಷಣೆ ಎಂದು ಯಾರಾದರೂ ಹೇಳಿದರೆ, ಅವರು ವರದಿಯನ್ನು ಓದಿಲ್ಲವೆಂದೇ ಅರ್ಥ. ಆ ವರದಿ ಸಾರ್ವಜನಿಕವಾಗಿ ಸಿಗುತ್ತದೆ. ದೊಡ್ಡವರ ಮತ್ತು ಮಕ್ಕಳ ಅಂಕಗಳನ್ನು ಅದರಲ್ಲಿ ಬೇರೆಬೇರೆಯಾಗಿ ಕೊಟ್ಟಿರುತ್ತಾರೆ, ಯಾವ ವೇರಿಯಂಟ್‌ಗಳಿಗೆ ಅನ್ವಯವಾಗುತ್ತದೆ ಎಂಬುದೂ ಇರುತ್ತದೆ.